ರಾತ್ರಿ ಬರೆದ ಮೇಲ್, ಬೆಳಗ್ಗೆ ಬರೆಯುವ ಮೇಲ್

ಪ್ರಶ್ನೆ: ನಾನು ಪೀಣ್ಯದ ಒಂದು ಆಟೋ ಬಿಡಿಭಾಗಗಳ ಕಾರ್ಖಾನೆಯಲ್ಲಿ ಕ್ವಾಲಿಟಿ ವಿಭಾಗದಲ್ಲಿದ್ದೀನಿ. ಸೋಮವಾರ ಪ್ಲಾನಿಂಗ್‌ನವರು ಪ್ಲಾಂಟ್ ಹೆಡ್ ಸೇರಿ ಹನ್ನೊಂದು ಜನಕ್ಕೆ ‘ಕ್ವಾಲಿಟಿ ಕ್ಲಿಯರೆನ್ಸ್ ಸಿಗದೆ ಡಿಸ್ಪ್ಯಾಚ್ ತಪ್ಪಿತು’ ಅಂತ ಮೇಲ್ ಹಾಕಿದರು. ತಪ್ಪು ನನ್ನದಲ್ಲ. ರಾತ್ರಿ ಕೂತು ಉದ್ದಕ್ಕೆ ಉತ್ತರ ಬರೆದಿದ್ದೀನಿ, ಇನ್ನೂ ಕಳಿಸಿಲ್ಲ. ಹೆಸರುಗಳನ್ನು ತೆಗೆದು ಕೆಳಗೆ ಹಾಕಿದ್ದೀನಿ. ಸ್ವಲ್ಪ ಸಾಫ್ಟ್ ಮಾಡಿ ಕಳಿಸಲಾ? ಸುಮ್ನಿದ್ದರೆ ಒಪ್ಪಿಕೊಂಡ ಹಾಗೆ ಅಲ್ವಾ?

ಉತ್ತರ: ಇದನ್ನು ಕಳಿಸಬೇಡಿ. ಸಾಫ್ಟ್ ಮಾಡಲೂ ಹೋಗಬೇಡಿ. ಹಾಗಂತ ಸುಮ್ಮನೆ ಇರಿ ಅಂತಲೂ ನಾನು ಹೇಳುವುದಿಲ್ಲ, ಆ ವಿಷಯದಲ್ಲಿ ನೀವು ಹೇಳಿದ್ದು ಸರಿ. ಹನ್ನೊಂದು ಜನರ ಮುಂದೆ ಬಂದ ಮಾತಿಗೆ ಹನ್ನೊಂದು ಜನರ ಮುಂದೆ ಉತ್ತರ ಹೋಗಬೇಕು. ಆದರೆ ಹೋಗಬೇಕಾದ ಮೇಲ್ ಇದಲ್ಲ. ಇದರೊಳಗಿಂದ ಕೆಲವು ಸಾಲು ಎತ್ತಿಕೊಂಡು ಖಾಲಿ ಪುಟದಲ್ಲಿ ಇನ್ನೊಂದು ಬರೆಯಬೇಕು. ಹೇಗೆ ಅಂತ ನಿಮ್ಮ ಡ್ರಾಫ್ಟ್ ಇಟ್ಟುಕೊಂಡೇ ಹೇಳ್ತೀನಿ.

ಅದಕ್ಕೂ ಮುಂಚೆ ಈಗಲೇ ಒಂದು ಕೆಲಸ ಮಾಡಿ. ಡ್ರಾಫ್ಟ್ ತೆಗೆದು `To` ಮತ್ತು `Cc` ಎರಡನ್ನೂ ಖಾಲಿ ಮಾಡಿ. ನೀವು `Reply all` ಒತ್ತಿ ಬರೆಯಲು ಶುರು ಮಾಡಿರುತ್ತೀರಿ, ಎಲ್ಲರೂ ಅದನ್ನೇ ಮಾಡುವುದು. ಹಾಗಾಗಿ ಅಷ್ಟೂ ವಿಳಾಸಗಳು ಅಲ್ಲೇ ಕೂತಿವೆ. ನನಗೆ ಇದರ ಪಾಠ ಆಗಿದ್ದು ಹಳೆಯ ಕೆಲಸವೊಂದರಲ್ಲಿ. ಅಲ್ಲಿನ ಚಾಟ್‌ನಲ್ಲಿ Enter ಒತ್ತಿದರೆ ಮೆಸೇಜ್ ಹೋಗುತ್ತಿತ್ತು, ಹೊಸ ಸಾಲು ಬೇಕಾದರೆ Ctrl+Enter ಒತ್ತಬೇಕಿತ್ತು. ಬೆರಳಿಗೆ ಅದೇ ಅಭ್ಯಾಸ. ಒಂದು ಸಂಜೆ ಅಕೌಂಟ್ಸ್‌ನ ಒಬ್ಬರ ಮೇಲೆ ಕುದಿಯುತ್ತಾ ಮೇಲ್ ಬರೆಯುತ್ತಿದ್ದೆ, ಹೊಸ ಪ್ಯಾರಾ ಬೇಕು ಅಂತ Ctrl+Enter ಒತ್ತಿದೆ. ಜಿಮೇಲ್‌ನಲ್ಲೂ ಔಟ್‌ಲುಕ್‌ನಲ್ಲೂ ಅದರ ಅರ್ಥ ‘ಕಳಿಸು’ ಅಂತ. ಅರ್ಧ ವಾಕ್ಯದಲ್ಲಿ ಮೇಲ್ ಹೊರಟುಹೋಯಿತು. ಆ ಅರ್ಧ ವಾಕ್ಯ ‘ನಿಮಗೆ ಓದಲು ಬಂದಿದ್ದರೆ’ ಅಂತ ಇತ್ತು. ಮುಂದಿನ ಎರಡು ವರ್ಷ ನನ್ನ ಟ್ರಾವೆಲ್ ಬಿಲ್‌ಗಳು ಪಾಸಾಗುತ್ತಿದ್ದ ರೀತಿಯನ್ನು ಇಲ್ಲಿ ಬರೆಯುವುದು ಬೇಡ.

ಇನ್ನೂ ಒಳ್ಳೆಯದು ಅಂದರೆ ಬರಹವನ್ನು ಕಾಪಿ ಮಾಡಿ ಮೇಲ್‌ನಿಂದಲೇ ಹೊರಗೆ ತೆಗೆಯುವುದು. ಮನೆಯ ನೋಟ್‌ಬುಕ್ಕೋ, ನಿಮ್ಮ ಸ್ವಂತ ಫೋನಿನ ನೋಟ್ಸೋ, ಯಾವುದಾದರೂ ಆಗಲಿ. ಆಫೀಸ್ ಅಕೌಂಟ್‌ನ ಡ್ರಾಫ್ಟ್ ಪೂರ್ತಿ ನಿಮ್ಮದು ಅಂದುಕೊಳ್ಳಬೇಡಿ. ಕ್ವಾಲಿಟಿ ವಿಭಾಗಕ್ಕೆ ಎಲ್ಲರೂ ಸೇರಿ ಬಳಸುವ ಒಂದು ಮೇಲ್‌ಬಾಕ್ಸ್ ಇದ್ದು, ಅದರಿಂದ ಉತ್ತರ ಬರೆಯುತ್ತಿದ್ದರೆ, ನಿಮ್ಮ ಡ್ರಾಫ್ಟ್ ನಿಮ್ಮ ಜೊತೆಯವರಿಗೂ ಕಾಣಿಸಬಹುದು. ಕಳಿಸದೆಯೇ ಸುದ್ದಿಯಾದ ಮೇಲ್‌ಗಳನ್ನು ನಾನು ನೋಡಿದ್ದೀನಿ.

ಈಗ ತಣ್ಣಗಾಗುವ ವಿಷಯ. ‘ಒಳಗಿನದನ್ನೆಲ್ಲ ಹೊರಗೆ ಹಾಕಿದರೆ ಹಗುರ ಆಗುತ್ತೆ’ ಅಂತ ನಾವೆಲ್ಲ ನಂಬಿಕೊಂಡು ಬಂದಿದ್ದೀವಿ. ಪೂರ್ತಿ ಹಾಗಿಲ್ಲ. ಬ್ರಾಡ್ ಬುಶ್‌ಮನ್ ಅನ್ನುವ ಅಮೆರಿಕದ ಮನಶ್ಶಾಸ್ತ್ರಜ್ಞರು 2002ರಲ್ಲಿ ಪ್ರಕಟಿಸಿದ ಒಂದು ಪ್ರಯೋಗ ಇದೆ. ವಿದ್ಯಾರ್ಥಿಗಳು ಬರೆದ ಪ್ರಬಂಧವನ್ನು ಕೆಟ್ಟದಾಗಿ ಟೀಕಿಸಿ ಅವರಿಗೆ ಸಿಟ್ಟು ಬರಿಸಿದರು. ಆಮೇಲೆ ಕೆಲವರಿಗೆ, ಟೀಕೆ ಮಾಡಿದವರನ್ನೇ ನೆನೆಸಿಕೊಂಡು ಪಂಚಿಂಗ್ ಬ್ಯಾಗ್ ಗುದ್ದಿ ಅಂದರು. ಕೆಲವರಿಗೆ ವ್ಯಾಯಾಮ ಅಂದುಕೊಂಡು ಗುದ್ದಿ ಅಂದರು. ಉಳಿದವರನ್ನು ಸುಮ್ಮನೆ ಕೂರಿಸಿದರು. ಕೊನೆಗೆ ಎಲ್ಲರಿಗಿಂತ ಜಾಸ್ತಿ ಸಿಟ್ಟಿನಲ್ಲಿದ್ದವರು ಆ ಮನುಷ್ಯನನ್ನು ನೆನೆದು ಗುದ್ದಿದವರು. ಏನೂ ಮಾಡದೆ ಕೂತವರೇ ಮೇಲು.

ನಮ್ಮ ಆಫೀಸುಗಳಲ್ಲಿ ಪಂಚಿಂಗ್ ಬ್ಯಾಗ್ ಇಲ್ಲ, ಕ್ಯಾಂಟೀನ್ ಇದೆ. ‘ನೋಡು ಮಾರಾಯ್ತಿ, ನನ್ನ ಮೇಲೆ ಹಾಕಿದ್ದಾನೆ’ ಅಂತ ಒಬ್ಬರಿಗೆ ಹೇಳುತ್ತೀರಿ. ಅವರು ‘ಬಿಡಬೇಡ, ಸರಿಯಾಗಿ ಕೊಡು’ ಅನ್ನುತ್ತಾರೆ. ಮಧ್ಯಾಹ್ನ ಇನ್ನೊಬ್ಬರಿಗೆ, ಸಂಜೆ ಬಸ್ಸಿನಲ್ಲಿ ಮತ್ತೊಬ್ಬರಿಗೆ ಹೇಳುತ್ತೀರಿ. ಪ್ರತಿ ಸಲ ಹೇಳುವಾಗ ಕಥೆ ಸ್ವಲ್ಪ ಚೂಪಾಗುತ್ತದೆ. ಆರುತ್ತಿದ್ದ ಸಾರನ್ನು ಮತ್ತೆ ಮತ್ತೆ ಒಲೆ ಮೇಲೆ ಇಟ್ಟ ಹಾಗೆ. ರಾತ್ರಿ ಹಾಸಿಗೆಯಲ್ಲಿ ಮಲಗಿ ಫೋನಿನಲ್ಲಿ ಡ್ರಾಫ್ಟ್ ತೆಗೆದು ‘ಇನ್ನೊಂದು ಸಲ ನೋಡ್ತೀನಿ’ ಅನ್ನುವುದೂ ಇದೇ ಜಾತಿ.

ಹಾಗಾದರೆ ಬರೆದಿದ್ದು ತಪ್ಪಾ? ಬರೆದಿದ್ದು ತಪ್ಪಲ್ಲ, ಇಟ್ಟುಕೊಂಡು ಓದುವುದು ತಪ್ಪು. ಜಪಾನಿನ ನಗೋಯಾ ವಿಶ್ವವಿದ್ಯಾಲಯದವರು 2024ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲೂ ಹೀಗೇ ಅವಮಾನದ ಟಿಪ್ಪಣಿ ಕೊಟ್ಟು ಸಿಟ್ಟು ಬರಿಸಿದರು. ಆಮೇಲೆ ಅನಿಸಿದ್ದನ್ನು ಕಾಗದದ ಮೇಲೆ ಬರೆಯಲು ಹೇಳಿದರು. ಅರ್ಧ ಜನ ಕಾಗದವನ್ನು ಕಸದ ಬುಟ್ಟಿಗೆ ಹಾಕಿದರು, ಅಥವಾ ಕಾಗದ ಕತ್ತರಿಸುವ ಯಂತ್ರಕ್ಕೆ ಕೊಟ್ಟರು. ಉಳಿದವರು ಅದನ್ನು ಹತ್ತಿರ ಇಟ್ಟುಕೊಂಡರು. ಬಿಸಾಡಿದವರ ಸಿಟ್ಟು ಹೆಚ್ಚುಕಡಿಮೆ ಮೊದಲಿದ್ದ ಮಟ್ಟಕ್ಕೆ ಇಳಿಯಿತು, ಇಟ್ಟುಕೊಂಡವರದ್ದು ಅಷ್ಟು ಇಳಿಯಲಿಲ್ಲ. ನಿಮ್ಮ ಡ್ರಾಫ್ಟ್‌ನಲ್ಲಿ ಬೇಕಾದ ಮಾಹಿತಿ ಇರುವುದರಿಂದ ಇವತ್ತೇ ಹರಿಯಬೇಡಿ ಅಂತೀನಿ. ಅದರಿಂದ ಎತ್ತಿಕೊಳ್ಳುವುದನ್ನು ಎತ್ತಿಕೊಂಡ ದಿನ ಹರಿಯಿರಿ.

ಎಷ್ಟು ಹೊತ್ತು ಕಾಯಬೇಕು ಅಂತ ಎಲ್ಲರೂ ಕೇಳುತ್ತಾರೆ. ನನ್ನ ಲೆಕ್ಕ ಸರಳ: ಒಂದು ನಿದ್ದೆ. ಅಷ್ಟು ಸಮಯ ಇಲ್ಲದಿದ್ದರೆ ಎರಡು ಗಂಟೆ ಬೇರೆ ಕೆಲಸ, ಅದೂ ತಲೆ ಪೂರ್ತಿ ಬೇಡುವ ಕೆಲಸ. ಬೆಂಡೆಕಾಯಿ ಹೆಚ್ಚುತ್ತಾ ಮನಸ್ಸಿನಲ್ಲಿ ಜಗಳ ಮುಂದುವರಿಸಬಹುದು. ಮಗುವಿಗೆ ಭಾಗಾಕಾರ ಹೇಳಿಕೊಡುತ್ತಾ ಮುಂದುವರಿಸಲು ಆಗುವುದಿಲ್ಲ. ಅಷ್ಟರೊಳಗೆ ಪ್ಲಾಂಟ್ ಹೆಡ್ ‘ಏನಮ್ಮಾ ಇದು’ ಅಂತ ಕೇಳಿಬಿಟ್ಟರೆ ಅನ್ನುವ ಭಯ ಇರುತ್ತದೆ. ಅದಕ್ಕೆ ಎಲ್ಲರಿಗೂ ಒಂದೇ ಸಾಲು ಹಾಕಿ: ‘ಈ ಲಾಟ್‌ನ ದಾಖಲೆಗಳನ್ನು ನೋಡುತ್ತಿದ್ದೇನೆ, ನಾಳೆ ಮಧ್ಯಾಹ್ನ 12ರೊಳಗೆ ವಿವರ ಕಳಿಸುತ್ತೇನೆ.’ ನಿಮ್ಮ ‘ಸುಮ್ನಿದ್ದರೆ ಒಪ್ಪಿಕೊಂಡ ಹಾಗೆ’ ಅನ್ನುವ ಚಿಂತೆಗೆ ಈ ಒಂದು ಸಾಲು ಸಾಕು. ಒಪ್ಪಿಯೂ ಇಲ್ಲ, ಜಗಳಕ್ಕೂ ನಿಂತಿಲ್ಲ. ಆದರೆ 12 ಅಂದರೆ 12ಕ್ಕೆ ಕಳಿಸಬೇಕು.

ತಣ್ಣಗಾಗಿದ್ದೀನಾ ಅಂತ ತಿಳಿಯುವುದು ಹೇಗೆ? ‘ಈಗ ಆರಾಮಾಗಿದ್ದೀನಿ’ ಅನ್ನುವ ಭಾವನೆಯನ್ನು ನಂಬಬೇಡಿ. ಬಹಳ ಸಲ ಅದು ಸುಸ್ತು. ಸ್ನಾನ ಮಾಡುವಾಗ ಇನ್ನೂ ಹೊಸ ಹೊಸ ವಾಕ್ಯ ಹೊಳೆಯುತ್ತಿದ್ದರೆ, ‘ಅಯ್ಯೋ, ಇದೊಂದು ಬಿಟ್ಟುಹೋಯಿತಲ್ಲ’ ಅನಿಸುತ್ತಿದ್ದರೆ, ಇನ್ನೂ ಬಿಸಿ ಇದೆ ಅಂತ ಅರ್ಥ. ತಣ್ಣಗಾದವರಿಗೆ ಡ್ರಾಫ್ಟ್ ಚಿಕ್ಕದಾಗಬೇಕು ಅನಿಸುತ್ತದೆ, ಉದ್ದ ಆಗಬೇಕು ಅನಿಸುವುದಿಲ್ಲ. ನಾನು ಬಳಸುವ ಇನ್ನೊಂದು ಪರೀಕ್ಷೆ: ಎದುರಿನವರ ಕಡೆಯ ಮಾತನ್ನು ಎರಡು ವಾಕ್ಯದಲ್ಲಿ ಗಟ್ಟಿಯಾಗಿ ಹೇಳಿ, ಅವರೇ ಕೇಳಿದರೆ ‘ಹೌದು, ನಾನು ಹೇಳಿದ್ದು ಅದೇ’ ಅನ್ನುವ ಹಾಗೆ. ‘ಅವನಿಗೆ ತನ್ನ ಚರ್ಮ ಉಳಿಸಿಕೊಳ್ಳಬೇಕಿತ್ತು’ ಅನ್ನುವುದು ಲೆಕ್ಕಕ್ಕಿಲ್ಲ. ‘11 ಗಂಟೆಯ ಗಾಡಿಗೆ ಲಾಟ್ ಸಿದ್ಧ ಇರಬೇಕಿತ್ತು, 11.20ಕ್ಕೂ ಕ್ಲಿಯರೆನ್ಸ್ ಬಂದಿರಲಿಲ್ಲ, ಸೇಲ್ಸ್‌ನವರು ನನ್ನನ್ನು ಕೇಳುತ್ತಿದ್ದರು’ ಅನ್ನುವುದು ಲೆಕ್ಕಕ್ಕಿದೆ.

ಇನ್ನು ನಿಮ್ಮ ಡ್ರಾಫ್ಟ್‌ಗೆ ಬರೋಣ. ಕೂತು ಎಣಿಸಿದೆ, 31 ವಾಕ್ಯ ಇದೆ. ಇಂಥದ್ದನ್ನು ನಾನು ಕಾಗದದ ಮೇಲೆ ಪ್ರಿಂಟ್ ತೆಗೆದು ಪೆನ್ನಿನಿಂದ ಗುರುತು ಹಾಕುತ್ತೀನಿ. ರಿಜಿಸ್ಟರೋ ಮೇಲೋ ತೋರಿಸಿ ಸಾಬೀತು ಮಾಡಬಹುದಾದ ಮಾತಿಗೆ ಗೆರೆ. ಎದುರಿನವರ ತಲೆಯೊಳಗೆ ಏನಿತ್ತು ಅನ್ನುವ ಊಹೆಗೆ ಸೊನ್ನೆ. ಹಳೆ ಲೆಕ್ಕಕ್ಕೆ ಅಡ್ಡಗೀಟು. ನಿಮ್ಮದರಲ್ಲಿ ಗೆರೆ 7, ಸೊನ್ನೆ 13, ಅಡ್ಡಗೀಟು 11 ಬಂತು. ಗಾಬರಿ ಬೇಡ. ನಾನು ನೋಡಿದ ಸಿಟ್ಟಿನ ಡ್ರಾಫ್ಟ್‌ಗಳಲ್ಲಿ ಇದು ಮರ್ಯಾದಸ್ಥ ಪ್ರಮಾಣವೇ.

ಸೊನ್ನೆ ಬಿದ್ದ ಸಾಲುಗಳು: ‘ಬೇಕಂತಲೇ ಕ್ವಾಲಿಟಿ ಹೆಸರು ಹಾಕಿದ್ದೀರಿ.’ ‘ನಿಮ್ಮ ಪ್ಲಾನಿಂಗ್ ಸರಿಯಿಲ್ಲದ್ದನ್ನು ಮುಚ್ಚಿಕೊಳ್ಳಲು.’ ‘ಒಂದು ಫೋನ್ ಮಾಡುವಷ್ಟು ಸೌಜನ್ಯ ಕೂಡ ನಿಮಗಿಲ್ಲ.’ ಇವು ನಿಜವೇ ಇರಬಹುದು. ಆದರೆ ಹನ್ನೊಂದು ಜನರಲ್ಲಿ ಯಾರಿಗೂ ನೀವು ಅದನ್ನು ತೋರಿಸಲಾರಿರಿ. ಅವರು ‘ನನಗೆ ಆ ಉದ್ದೇಶ ಇರಲಿಲ್ಲ’ ಅಂತ ಒಂದು ವಾಕ್ಯ ಬರೆದರೆ ನಿಮ್ಮ ಇಡೀ ಮೇಲ್ ಅಲ್ಲೇ ಕುಸಿಯುತ್ತದೆ. ಆಮೇಲೆ ಚರ್ಚೆ ಲಾಟ್ ಬಗ್ಗೆ ಇರುವುದಿಲ್ಲ, ಉದ್ದೇಶದ ಬಗ್ಗೆ ಇರುತ್ತದೆ.

ಅಡ್ಡಗೀಟು ಬಿದ್ದದ್ದು ಜನವರಿಯ ಆಡಿಟ್ ಗಲಾಟೆ, ಮೀಟಿಂಗ್‌ನಲ್ಲಿ ನಿಮ್ಮ ಮಾತು ಕತ್ತರಿಸಿದ್ದು, ದೀಪಾವಳಿ ಹಿಂದಿನ ದಿನ ನಿಮ್ಮನ್ನು ರಾತ್ರಿ 9ರವರೆಗೆ ಕೂರಿಸಿದ್ದು. ಇವು ಸಣ್ಣ ವಿಷಯ ಅಲ್ಲ. ಬಹುಶಃ ನಿಮ್ಮ ಸಿಟ್ಟಿನ ಬೇರು ಸೋಮವಾರದ ಮೇಲ್‌ಗಿಂತ ಇಲ್ಲೇ ಜಾಸ್ತಿ ಇದೆ. ಆದರೆ ಈ ಮೇಲ್‌ಗೆ ಇವನ್ನು ಸೇರಿಸಿದರೆ ಓದುವವರು ‘ಓ, ಇವರಿಬ್ಬರದು ಹಳೇ ಜಗಳ’ ಅಂತ ಪಕ್ಕಕ್ಕಿಡುತ್ತಾರೆ. ಲಾಟ್ ವಿಷಯವೂ ಅದರ ಜೊತೆಗೇ ಪಕ್ಕಕ್ಕೆ ಹೋಗುತ್ತದೆ. ಇವನ್ನು ಬೇರೆ ಹಾಳೆಯಲ್ಲಿ ಬರೆದಿಡಿ. ಅದು ಎದುರು ಕೂತು ಆಡಬೇಕಾದ ಮಾತು.

ಉಳಿದ ಏಳು ಸಾಲು ನಿಮ್ಮ ಆಸ್ತಿ. 412 ಶಾಫ್ಟ್‌ಗಳ ಲಾಟ್ ಹೀಟ್ ಟ್ರೀಟ್‌ಮೆಂಟ್‌ನಿಂದ ಶನಿವಾರ ಸಂಜೆ 4.40ಕ್ಕೆ ಬಂತು. ಜೊತೆಗೆ ಹಾರ್ಡ್‌ನೆಸ್ ರಿಪೋರ್ಟ್ ಇರಲಿಲ್ಲ. ಹೋಲ್ಡ್ ಟ್ಯಾಗ್ ಹಾಕಿದಿರಿ. ಸ್ಟೋರ್ಸ್‌ಗೆ ಹೇಳಿದಿರಿ. ರಿಪೋರ್ಟ್ ಸೋಮವಾರ 10.15ಕ್ಕೆ ಬಂತು. ಚೆಕ್ ಮಾಡಲು ಸುಮಾರು ಮೂರು ಗಂಟೆ ಹಿಡಿಯುತ್ತದೆ. 1.30ಕ್ಕೆ ರಿಲೀಸ್ ಮಾಡಿದಿರಿ. ಗಟ್ಟಿಯಾದ ಸಾಲುಗಳು. ಆದರೆ ಇದರಲ್ಲಿ ಒಂದನ್ನು ಓದುವಾಗ ನನ್ನ ಪೆನ್ನು ನಿಂತುಬಿಟ್ಟಿತು.

‘ನಾನು ಶನಿವಾರವೇ ಸ್ಟೋರ್ಸ್‌ಗೆ ಹೇಳಿದ್ದೆ.’ ಸರಿ, ಸ್ಟೋರ್ಸ್‌ಗೆ ಹೇಳಿದಿರಿ. ಪ್ಲಾನಿಂಗ್‌ಗೆ?

ನಿಮ್ಮ ಡ್ರಾಫ್ಟ್‌ನಲ್ಲಿ ಎಲ್ಲೂ ಇಲ್ಲ. 31 ವಾಕ್ಯದಲ್ಲಿ ‘ಎಲ್ಲರಿಗೂ ಗೊತ್ತಿತ್ತು’ ಅಂತ ಎರಡು ಸಲ ಬಂದಿದೆ, ಯಾರು ಅವರಿಗೆ ಹೇಳಿದರು ಅಂತ ಒಂದು ಸಲವೂ ಇಲ್ಲ. ಸ್ಟೋರ್ಸ್‌ನವರು ಶನಿವಾರ 5ಕ್ಕೆ ಮನೆಗೆ ಹೋಗಿದ್ದರೆ ಪ್ಲಾನಿಂಗ್‌ನವರಿಗೆ ಸೋಮವಾರ ಬೆಳಗ್ಗೆ ಕಂಡಿದ್ದು ಒಂದೇ: ಲಾಟ್ ಶನಿವಾರವೇ ಕ್ವಾಲಿಟಿಗೆ ಹೋಗಿದೆ, ಇನ್ನೂ ಬಂದಿಲ್ಲ. ಹಾಗೆ ನೋಡಿದರೆ ‘ಕ್ವಾಲಿಟಿ ಕ್ಲಿಯರೆನ್ಸ್ ಸಿಗದೆ’ ಅನ್ನುವ ಅವರ ಮಾತು ಸುಳ್ಳಲ್ಲ, ಅರ್ಧ ಮಾತು. ಫೋನ್ ಮಾಡಿ ಕೇಳದೆ ಹನ್ನೊಂದು ಜನಕ್ಕೆ ಹಾಕಿದ್ದು ಅವರ ತಪ್ಪು. ತಿಳಿಸದೆ ಬಿಟ್ಟಿದ್ದು ನಿಮ್ಮ ಕಡೆಯ ಸಣ್ಣ ತಪ್ಪು. ರಾತ್ರಿ ಬರೆಯುವಾಗ ಇದು ಕಾಣುವುದಿಲ್ಲ. ಈ ಡ್ರಾಫ್ಟ್ ಹಾಗೇ ಹೋಗಿದ್ದರೆ ಅವರು ‘ನನಗೆ ಯಾರು ತಿಳಿಸಿದರು?’ ಅಂತ ಮೂರು ಪದದಲ್ಲಿ ಉತ್ತರ ಕೊಡುತ್ತಿದ್ದರು. ಅದಕ್ಕೆ ನಿಮ್ಮ ಹತ್ತಿರ ಉತ್ತರ ಇರುತ್ತಿರಲಿಲ್ಲ. ನೀವು ಹೇಳಿದ್ದಿರಿ ಅಂತಾದರೆ ಬಹಳ ಒಳ್ಳೆಯದು, ಎಷ್ಟು ಗಂಟೆಗೆ ಯಾವ ಮೆಸೇಜ್ ಅಂತ ಹುಡುಕಿ ತೆಗೆಯಿರಿ. ಹೇಳಿರಲಿಲ್ಲ ಅಂತಿಟ್ಟುಕೊಂಡು ನಾನು ಮುಂದೆ ಬರೆಯುತ್ತೀನಿ.

ಸಾಫ್ಟ್ ಮಾಡುವುದು ಯಾಕೆ ಬೇಡ ಅಂತ ಈಗ ಹೇಳಬಹುದು. ನಿಮ್ಮ ಒಂದು ವಾಕ್ಯ ‘ದಯವಿಟ್ಟು ಸುಳ್ಳು ಹೇಳಬೇಡಿ’ ಅಂತ ಇತ್ತು. ಅದನ್ನು ಹೊಡೆದು ‘ಮೇಲ್ ಹಾಕುವ ಮುಂಚೆ ಸರಿಯಾದ ಮಾಹಿತಿ ಪಡೆಯಬೇಕೆಂದು ವಿನಂತಿ’ ಅಂತ ಮಾಡಿದ್ದೀರಿ. ಪದ ಬದಲಾಯಿತು, ಏಟು ಹಾಗೇ ಉಳಿಯಿತು. ನಾವು ಸಿಟ್ಟು ಬಂದಾಗ ಮರ್ಯಾದೆ ಜಾಸ್ತಿ ಮಾಡುವ ಜನ. ಮನೆಯಲ್ಲಿ ಕೂಡ ಜಗಳ ಮುಗಿಲು ಮುಟ್ಟಿದಾಗ ‘ನೀನು’ ಹೋಗಿ ‘ತಾವು ದೊಡ್ಡವರು, ತಮಗೆ ಹೇಳೋಕೆ ನಾನ್ಯಾರು’ ಬರುತ್ತದೆ. ಆಫೀಸಿನ ಇಂಗ್ಲಿಷ್‌ನಲ್ಲಿ ಇದರ ತದ್ರೂಪು ಇದೆ: ‘ಫಾರ್ ಯುವರ್ ಕೈಂಡ್ ಇನ್‌ಫರ್ಮೇಶನ್’, ‘ಆಸ್ ಆಲ್ರೆಡಿ ಇನ್‌ಫಾರ್ಮ್ಡ್’, ‘ಐ ಆಮ್ ಸರ್‌ಪ್ರೈಸ್ಡ್ ಟು ಸೀ’. ನಿಮ್ಮ ಡ್ರಾಫ್ಟ್‌ನಲ್ಲಿ ಮೂರೂ ಇವೆ. ಓದುವವರಿಗೆ ಇವು ವಿನಯವಾಗಿ ಕೇಳಿಸುವುದಿಲ್ಲ, ಹಲ್ಲು ಕಚ್ಚಿಕೊಂಡ ಸದ್ದು ಕೇಳಿಸುತ್ತದೆ.

ಅಬ್ರಹಾಂ ಲಿಂಕನ್ ಬರೆದ ಒಂದು ಪತ್ರ ಇದಕ್ಕೆ ಒಳ್ಳೆಯ ಉದಾಹರಣೆ. 1863ರ ಜುಲೈನಲ್ಲಿ ಅಮೆರಿಕದ ಅಂತರ್ಯುದ್ಧದ ಗೆಟಿಸ್‌ಬರ್ಗ್ ಕದನ ಗೆದ್ದ ತಮ್ಮ ಕಡೆಯ ಜನರಲ್ ಮೀಡ್, ಸೋತು ಹಿಂದೆ ಸರಿಯುತ್ತಿದ್ದ ಜನರಲ್ ಲೀ ಸೈನ್ಯ ನದಿ ದಾಟಿ ತಪ್ಪಿಸಿಕೊಳ್ಳಲು ಬಿಟ್ಟರು ಅಂತ ಲಿಂಕನ್‌ಗೆ ತಡೆಯಲಾರದ ಬೇಸರ. ಜುಲೈ 14ರಂದು ಮೀಡ್‌ಗೆ ಪತ್ರ ಬರೆದರು. ಅದನ್ನು ‘ಸಾಫ್ಟ್’ ಮಾಡಿಯೇ ಬರೆದಿದ್ದಾರೆ. ಗೆಲುವಿಗೆ ತುಂಬಾ ಕೃತಜ್ಞ ಅಂತ ಶುರು, ನಿಮಗೆ ನೋವಾಗಿದ್ದರೆ ವಿಷಾದ ಅಂತಲೂ ಇದೆ. ಅಷ್ಟಾದ ಮೇಲೆ, ನಿಮ್ಮ ಸುವರ್ಣಾವಕಾಶ ಕೈತಪ್ಪಿತು, ನನಗಾದ ಸಂಕಟಕ್ಕೆ ಅಳತೆಯಿಲ್ಲ ಅಂತ ಬರುತ್ತದೆ. ಶುರುವಿನ ಕೃತಜ್ಞತೆಯಿಂದ ಆ ಏಟು ಸ್ವಲ್ಪವೂ ಕಮ್ಮಿ ಆಗಿಲ್ಲ. ಪತ್ರ ಹೋಗಲಿಲ್ಲ. ಮೀಡ್‌ಗೆ ಬರೆದದ್ದು, ಕಳಿಸಿಲ್ಲ, ಸಹಿ ಹಾಕಿಲ್ಲ ಅಂತ ಲಕೋಟೆ ಮೇಲೆ ಬರೆದಿಟ್ಟರು. ಅವರ ಕಾಗದಪತ್ರಗಳ ನಡುವೆ ಅದು ಇವತ್ತಿಗೂ ಇದೆ.

ಅದಕ್ಕೇ ಖಾಲಿ ಪುಟ ಅನ್ನುವುದು. ಸಿಟ್ಟಿನ ಮೇಲ್‌ನ ಕಟ್ಟೇ ಬೇರೆ. ಅದು ‘ನೀವು’ ಅಂತ ಶುರುವಾಗುತ್ತದೆ, ಆರೋಪ ಮೊದಲು ಬರುತ್ತದೆ, ಸಾಕ್ಷಿ ಆಮೇಲೆ. ಕೊನೆಯಲ್ಲಿ ಏನು ಬೇಕು ಅಂತಲೇ ಇರುವುದಿಲ್ಲ. ನಿಮ್ಮದರ ಕೊನೆ ಸಾಲು ‘ಇನ್ನು ಮುಂದೆ ಇದು ನಡೆಯುವುದಿಲ್ಲ’. ಏನು ನಡೆಯುವುದಿಲ್ಲ? ಪ್ಲಾಂಟ್ ಹೆಡ್ ಅದನ್ನು ಓದಿ ಏನು ಮಾಡಬೇಕು? ಪದ ಬದಲಿಸಿದರೆ ಈ ಕಟ್ಟು ಬದಲಾಗುವುದಿಲ್ಲ. ಡ್ರಾಫ್ಟ್ ಮುಚ್ಚಿ, ಆ ಏಳು ಸಾಲು ಮಾತ್ರ ಮುಂದಿಟ್ಟುಕೊಂಡು, ಗಡಿಯಾರದ ಕ್ರಮದಲ್ಲಿ ಬರೆಯಿರಿ. ಕೊನೆಗೆ ಒಂದೇ ಒಂದು ಕೋರಿಕೆ. ನೀವು ಇಂಗ್ಲಿಷ್‌ನಲ್ಲೇ ಕಳಿಸುತ್ತೀರಿ ಅಂತ ಗೊತ್ತು, ಆದರೂ ಮೊದಲು ಕನ್ನಡದಲ್ಲಿ ಬರೆದುಕೊಂಡರೆ ಮಾತು ನೇರವಾಗಿ ಬರುತ್ತದೆ. ನಾನು ಬರೆದರೆ ಹೀಗೆ:

‘ಎಲ್ಲರಿಗೂ ನಮಸ್ಕಾರ. 412 ಶಾಫ್ಟ್‌ಗಳ ಲಾಟ್ ಶನಿವಾರ ಸಂಜೆ 4.40ಕ್ಕೆ ಇನ್‌ಸ್ಪೆಕ್ಷನ್‌ಗೆ ಬಂತು. ಹಾರ್ಡ್‌ನೆಸ್ ರಿಪೋರ್ಟ್ ಜೊತೆಗಿರಲಿಲ್ಲ, ಹಾಗಾಗಿ ಹೋಲ್ಡ್ ಟ್ಯಾಗ್ ಹಾಕಿ ಸ್ಟೋರ್ಸ್‌ಗೆ ತಿಳಿಸಿದೆ. ರಿಪೋರ್ಟ್ ಸೋಮವಾರ 10.15ಕ್ಕೆ ಸಿಕ್ಕಿತು, ಚೆಕ್ ಮುಗಿಸಿ 1.30ಕ್ಕೆ ರಿಲೀಸ್ ಮಾಡಿದೆ. ಹೋಲ್ಡ್ ಆಗಿರುವ ವಿಷಯವನ್ನು ಶನಿವಾರವೇ ಪ್ಲಾನಿಂಗ್‌ಗೂ ಹೇಳಬೇಕಿತ್ತು, ಹೇಳಲಿಲ್ಲ. ಇನ್ನು ಮುಂದೆ ಹೋಲ್ಡ್ ಮಾಡಿದ ಕೂಡಲೇ ಅವರಿಗೂ ಮೆಸೇಜ್ ಹಾಕುತ್ತೇನೆ. ನನ್ನ ಕೋರಿಕೆ: ಹೀಟ್ ಟ್ರೀಟ್‌ಮೆಂಟ್‌ನಿಂದ ಬರುವ ಲಾಟ್ ಜೊತೆ ರಿಪೋರ್ಟ್ ಇದೆಯಾ ಅಂತ ಇನ್‌ವರ್ಡ್‌ನಲ್ಲೇ ನೋಡುವ ಏರ್ಪಾಡು ಆಗಲಿ. ಸ್ಟೋರ್ಸ್ ಮತ್ತು ಪ್ಲಾನಿಂಗ್‌ನವರು ಗುರುವಾರದೊಳಗೆ ತಿಳಿಸಿದರೆ ಮುಂದಿನ ಲಾಟ್‌ನಿಂದ ಶುರು ಮಾಡಬಹುದು.’

ಇದರಲ್ಲಿ ‘ತಪ್ಪು ನನ್ನದಲ್ಲ’ ಅಂತ ಎಲ್ಲೂ ಇಲ್ಲ. ಆದರೆ 4.40, 10.15, 1.30 ಅನ್ನುವ ಮೂರು ಸಮಯ ಓದಿದವರಿಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ‘ಹೇಳಬೇಕಿತ್ತು, ಹೇಳಲಿಲ್ಲ’ ಅನ್ನುವ ಸಾಲನ್ನು ಹಾಕಲು ನಿಮಗೆ ಮನಸ್ಸು ಬರುವುದಿಲ್ಲ ಅಂತಲೂ ಗೊತ್ತು. ಹಾಕಿ. ಅವರು ಹಿಡಿಯಬಹುದಾದ ಒಂದೇ ಎಳೆ ಅದು, ನೀವೇ ಮೊದಲು ಹೇಳಿಬಿಟ್ಟರೆ ಹಿಡಿಯಲು ಏನೂ ಉಳಿಯುವುದಿಲ್ಲ. ಆದರೆ ಒಂದೇ ಸಲ ಸಾಕು. ಸಿಟ್ಟು ಇಳಿದ ಮೇಲೆ ಕೆಲವರು ಈ ಕಡೆಯಿಂದ ಆ ಕಡೆಗೆ ವಾಲುತ್ತಾರೆ. ‘ಕ್ಷಮಿಸಿ, ನನ್ನಿಂದ ಎಲ್ಲರಿಗೂ ತೊಂದರೆಯಾಯಿತು’ ಅಂತ ಬರೆದು, ಮಾಡದ ತಪ್ಪನ್ನೂ ಮೈಮೇಲೆ ಎಳೆದುಕೊಳ್ಳುತ್ತಾರೆ. ರಿಪೋರ್ಟ್ ಬರದಿದ್ದುದಕ್ಕೆ ನೀವು ಕ್ಷಮೆ ಕೇಳಬೇಕಾಗಿಲ್ಲ.

ಕಳಿಸುವ ಮುಂಚೆ ಅವರ ಟೇಬಲ್‌ಗೆ ಹೋಗಿ, ಇಲ್ಲದಿದ್ದರೆ ಫೋನ್ ಮಾಡಿ. ‘ಸರ್, ಸೋಮವಾರದ ಲಾಟ್ ಬಗ್ಗೆ ಎಲ್ಲರಿಗೂ ಮೇಲ್ ಹಾಕ್ತಾ ಇದ್ದೀನಿ. ರಿಪೋರ್ಟ್ ಬಂದಿರಲಿಲ್ಲ ಅನ್ನೋದು ನಿಮಗೆ ಗೊತ್ತಿತ್ತಾ?’ ಇಷ್ಟೇ. ಎರಡನೇ ವಾಕ್ಯ ನಿಜವಾದ ಪ್ರಶ್ನೆ, ಉತ್ತರ ಕೇಳಿಸಿಕೊಳ್ಳಿ. ‘ಗೊತ್ತಿರಲಿಲ್ಲ ಮೇಡಂ’ ಅಂದರೆ ನಮ್ಮ ಊಹೆ ಸರಿ, ಮೇಲ್ ಹಾಗೇ ಹೋಗಲಿ. ‘ಗೊತ್ತಿತ್ತು, ಏನೀಗ?’ ಅಂದರೆ ‘ಹೇಳಬೇಕಿತ್ತು’ ಸಾಲು ತೆಗೆಯಿರಿ, ಉಳಿದದ್ದು ಹಾಗೇ ಇರಲಿ. ಎಷ್ಟೋ ಸಲ ‘ಅಯ್ಯೋ, ನಾನೇ ಒಂದು ಸಾಲು ಹಾಕ್ತೀನಿ ಬಿಡಿ’ ಅನ್ನುವುದೂ ಇದೆ. ಆಗ ಅವರಿಗೇ ಬಿಡಿ, ನಿಮ್ಮ ಕೋರಿಕೆಯನ್ನು ಮಾತ್ರ ಕೆಳಗೆ ಸೇರಿಸಿ.

`Cc` ವಿಷಯದಲ್ಲಿ ಅವರು ಹಾಕಿದ ಹನ್ನೊಂದು ಜನವೇ ಇರಲಿ. ಒಬ್ಬರನ್ನು ಸೇರಿಸಿದರೂ ಜಗಳಕ್ಕೆ ಆಳು ಕರೆದ ಹಾಗೆ, ಒಬ್ಬರನ್ನು ಬಿಟ್ಟರೂ ಅವರ ಕಣ್ಣಲ್ಲಿ ಹಳೆಯ ಮಾತೇ ಉಳಿಯುತ್ತದೆ. `Bcc` ಅಂತೂ ಮುಟ್ಟಲೇಬೇಡಿ. ಅದರಲ್ಲಿರುವವರು ಮರೆತು `Reply all` ಒತ್ತಿದರೆ ಎಲ್ಲ ಬಯಲು.

ಕಳಿಸಿದ ಮೇಲೂ ಸ್ವಲ್ಪ ಅವಕಾಶ ಇಟ್ಟುಕೊಳ್ಳಬಹುದು. ಜಿಮೇಲ್‌ನಲ್ಲಿ `See all settings` ಒಳಗೆ `General` ಅಡಿಯಲ್ಲಿ `Undo Send` ಇದೆ. ಮೊದಲಿಗೆ ಅದು 5 ಸೆಕೆಂಡ್ ಇರುತ್ತದೆ, 30ಕ್ಕೆ ಏರಿಸಿ. ಕಂಪ್ಯೂಟರಿನ ಹಳೇ ಮಾದರಿ ಔಟ್‌ಲುಕ್‌ನಲ್ಲಿ ಇನ್ನೂ ಒಳ್ಳೆಯದಿದೆ. ಹೋಗುವ ಪ್ರತಿ ಮೇಲ್ ಇಷ್ಟು ನಿಮಿಷ ತಡೆದು ಹೋಗಲಿ ಅಂತ ಒಂದು ರೂಲ್ ಹಾಕಬಹುದು, ಅದರ ಹೆಸರು `defer delivery by a number of minutes`, 120 ನಿಮಿಷದವರೆಗೆ ಸಿಗುತ್ತದೆ. ನಾನು 3 ನಿಮಿಷ ಇಟ್ಟಿದ್ದೀನಿ. ತಪ್ಪು ಕಾಣುವುದು ಹೆಚ್ಚಾಗಿ ಕಳಿಸಿದ ಮೊದಲ ನಿಮಿಷದಲ್ಲೇ. ಔಟ್‌ಲುಕ್‌ನ ‘ರೀಕಾಲ್’ ನಂಬಿಕೊಂಡು ಕೂರಬೇಡಿ, ನಿಮ್ಮ ಕಂಪನಿಯ ಹೊರಗಿನ ವಿಳಾಸಕ್ಕೆ ಹೋದ ಮೇಲ್ ಅದರಿಂದ ವಾಪಸ್ ಬರುವುದಿಲ್ಲ. ಇನ್ನು ವಾಟ್ಸಾಪ್ ಗ್ರೂಪ್‌ನಲ್ಲಿ ಸಿಟ್ಟು ತೀರಿಸಿಕೊಂಡು ಅಳಿಸಿದರೆ, ‘ಇಲ್ಲಿ ಏನೋ ಅಳಿಸಿದ್ದಾರೆ’ ಅನ್ನುವ ಗುರುತು ಅಲ್ಲೇ ಕೂತಿರುತ್ತದೆ. ಅದು ಮೆಸೇಜ್‌ಗಿಂತ ಜಾಸ್ತಿ ಕುತೂಹಲ ಹುಟ್ಟಿಸುತ್ತದೆ.

ಒಂದು ಕಡೆ ಮಾತ್ರ ಈ ಸಲಹೆ ಪೂರ್ತಿ ಸಲ್ಲುವುದಿಲ್ಲ. ಮೀಟಿಂಗ್‌ನಲ್ಲಿ ಮಾತು ಕತ್ತರಿಸಿದ್ದು, ರಾತ್ರಿ 9ರವರೆಗೆ ಕೂರಿಸಿದ್ದು ಅಂತ ಬರೆದಿದ್ದೀರಿ. ಅದು ಕೆಲಸದ ಒರಟುತನ ಅಷ್ಟೇ ಆಗಿದ್ದರೆ ಎದುರು ಕೂತು ಮಾತಾಡಬಹುದು. ಅದರಲ್ಲಿ ಲೈಂಗಿಕ ಮಾತೋ ವರ್ತನೆಯೋ ಏನಾದರೂ ಇದ್ದರೆ, ದಯವಿಟ್ಟು ಡ್ರಾಫ್ಟ್ ಹರಿಯಬೇಡಿ. ಅಂಥ ಸಾಲುಗಳನ್ನು ದಿನಾಂಕ, ಸಮಯ, ಅಲ್ಲಿದ್ದವರ ಹೆಸರಿನ ಜೊತೆ ನಿಮ್ಮ ಸ್ವಂತ ಪುಸ್ತಕದಲ್ಲಿ ಬರೆದಿಡಿ. ಕೆಲಸದ ಜಾಗದಲ್ಲಿ ಮಹಿಳೆಯರ ಮೇಲಿನ ಲೈಂಗಿಕ ಕಿರುಕುಳ ತಡೆಯುವ 2013ರ ಕಾನೂನಿನ ಪ್ರಕಾರ ಕಂಪನಿಯ ಆಂತರಿಕ ಸಮಿತಿಗೆ ಲಿಖಿತ ದೂರು ಕೊಡಲು ಘಟನೆ ನಡೆದ ದಿನದಿಂದ ಮೂರು ತಿಂಗಳು ಸಮಯ ಇರುತ್ತದೆ. ಸರಿಯಾದ ಕಾರಣ ಇದ್ದರೆ ಸಮಿತಿ ಇನ್ನೂ ಮೂರು ತಿಂಗಳವರೆಗೆ ವಿಸ್ತರಿಸಬಹುದು. ಅದಕ್ಕೆ ಹನ್ನೊಂದು ಜನರ ಮೇಲ್ ದಾರಿಯೇ ಅಲ್ಲ.

ಅದೇನೂ ಇಲ್ಲ, ಬರೀ ಲಾಟ್ ಜಗಳ ಅಂತಾದರೆ, ಬೆಳಗ್ಗೆ 10ರ ಸುಮಾರಿಗೆ ಕಳಿಸಿ. ರಾತ್ರಿ 11ಕ್ಕೆ ಬಂದ ಮೇಲ್ ಎಷ್ಟೇ ತಣ್ಣಗಿದ್ದರೂ ‘ನಿದ್ದೆಗೆಟ್ಟು ಬರೆದಿದ್ದಾಳೆ’ ಅಂತಲೇ ಓದುತ್ತಾರೆ. ಕಳಿಸಿದ ಮೇಲೆ ಆ 31 ವಾಕ್ಯದ ಕಾಗದ ಹರಿಯಿರಿ, ನೋಟ್ಸ್‌ನಲ್ಲಿದ್ದರೆ ಅಳಿಸಿ. ಉತ್ತರವಾಗಿ ಪ್ಲಾಂಟ್ ಹೆಡ್‌ನಿಂದ ‘ನೋಟೆಡ್’ ಅಂತ ಒಂದೇ ಪದ ಬರಬಹುದು, ಪ್ಲಾನಿಂಗ್‌ನವರಿಂದ ಏನೂ ಬರದೇ ಇರಬಹುದು. ಅದರ ಮೇಲೆ ಇನ್ನೊಂದು ಮೇಲ್ ಹಾಕಬೇಡಿ. ಶನಿವಾರ ಮುಂದಿನ ಲಾಟ್ ಬಂದಾಗ ಚಲನ್ ಜೊತೆ ರಿಪೋರ್ಟ್ ಪಿನ್ ಮಾಡಿದ್ದಾರಾ ಅಂತ ಮಾತ್ರ ನೋಡಿ.